ಸೈನಿಕನ ಕಾಗದ, ಶಾಲೆಯ ಮೈಕು

ಆಗಸ್ಟ್ ಬಂತೆಂದರೆ ಶಾಲೆಗಳಲ್ಲಿ ಹುಡುಕಾಟ ಶುರುವಾಗುತ್ತದೆ. ಧ್ವಜಾರೋಹಣದ ದಿನ ಆರನೆಯ ಕ್ಲಾಸಿನ ಹುಡುಗನೋ ಹುಡುಗಿಯೋ ಹೇಳಲು ಒಂದು ಪದ್ಯ ಬೇಕು. ಸೈನಿಕ ತಾಯಿಗೆ ಬರೆದ ಪತ್ರದ ರೂಪದಲ್ಲಿದ್ದರೆ ಇನ್ನೂ ಒಳ್ಳೆಯದು. ಕೇಳಲು ಸುಲಭ ಅನ್ನಿಸುತ್ತದೆ, ಆದರೆ ಬರೆದು ಮುಗಿಸಿದ್ದನ್ನು ಓದಿದರೆ ಬಹುಪಾಲು ಪದ್ಯಗಳಲ್ಲಿ ಪತ್ರವೇ ಇರುವುದಿಲ್ಲ. ‘ತಾಯೇ, ನಿನ್ನ ಮಗ ನಾನು, ಗಡಿಯಲ್ಲಿ ನಿಂತಿರುವೆ, ಪ್ರಾಣವನೇ ನೀಡುವೆ’ ಎಂದು ಮೊದಲ ಸಾಲಿನಿಂದಲೇ ಭಾಷಣ ಹತ್ತಿಕೊಳ್ಳುತ್ತದೆ. ಅವ್ವನ ಹೆಸರು ಹೇಳಿ ಊರಿಗೆಲ್ಲ ಮಾತಾಡುವ ಪದ್ಯ ಅದು.

ನಿಜವಾದ ಕಾಗದದಲ್ಲಿ ಮಗ ಹಾಗೆ ಬರೆಯುವುದಿಲ್ಲ. ತಾನು ಸಾಯಬಹುದು ಎಂಬ ಮಾತನ್ನು ಯಾವ ಮಗ ಅವ್ವನಿಗೆ ಬರೆದಾನು? ಅವನು ಅದನ್ನು ಮುಚ್ಚಿಡುತ್ತಾನೆ. ಆರಾಮಿದ್ದೇನೆ, ಊಟ ಚೆನ್ನಾಗಿದೆ, ಚಳಿ ಅಷ್ಟೇನಿಲ್ಲ ಎಂದು ಬರೆಯುತ್ತಾನೆ. ಎತ್ತು, ಹೊಲ, ತಂಗಿಯ ಓದು, ಅಪ್ಪನ ಮೊಣಕಾಲು ನೋವು ಇವನ್ನೆಲ್ಲ ವಿಚಾರಿಸುತ್ತಾನೆ. ಓದುವ ಅವ್ವನಿಗೂ ಅವನು ಮುಚ್ಚಿಟ್ಟದ್ದು ಗೊತ್ತಾಗುತ್ತದೆ. ಈ ಬಗೆಯ ಪದ್ಯದ ಜೀವ ಇರುವುದು ಅಲ್ಲಿಯೇ. ಕಷ್ಟವನ್ನು ಹೆಸರಿಟ್ಟು ಹೇಳದೆ, ಕೇಳುವವರಿಗೆ ತಾನಾಗಿ ತಿಳಿಯುವಂತೆ ಮಾಡಬೇಕು.

ಮುಚ್ಚಿಡಬೇಕಾದರೆ ಬರೆಯುವವರಿಗೆ ಅಲ್ಲಿನ ಸಂಗತಿ ಗೊತ್ತಿರಬೇಕು. ಸಿಯಾಚಿನ್ ಹಿಮನದಿಯನ್ನೇ ತೆಗೆದುಕೊಳ್ಳೋಣ. 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಅಲ್ಲಿದೆ. ಮೇಲಿನ ಕೆಲವು ಠಾಣ್ಯಗಳು ಸುಮಾರು 20,000 ಅಡಿ ಎತ್ತರದಲ್ಲಿವೆ. 18,000 ಅಡಿಗೆ ಹೋದಾಗಲೇ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾಗಿರುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಹಸಿವೆ ಸತ್ತಿರುತ್ತದೆ, ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಹಿಮದಡಿ ಅಡಗಿದ ಬಿರುಕಿಗೆ ಬೀಳದಂತೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯುತ್ತಾರೆ. ಬರಿಗೈಯಲ್ಲಿ ಬಂದೂಕಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಬೆಚ್ಚಗಿರಲು, ಹಿಮ ಕರಗಿಸಿ ನೀರು ಮಾಡಲು, ಅಡುಗೆಗೆ ಎಲ್ಲಕ್ಕೂ ಸೀಮೆಎಣ್ಣೆ ಒಲೆಯೇ. ಅದರ ಮಸಿ ಬಟ್ಟೆ, ಹಾಸಿಗೆ, ಕಾಗದ ಎಲ್ಲಕ್ಕೂ ಹತ್ತುತ್ತದೆ.

ಇನ್ನೊಂದು ಸಂಗತಿ ವಿಳಾಸದ್ದು. ಸೈನಿಕನ ಪತ್ರದ ಮೇಲೆ ಅವನ ನಂಬರು, ದರ್ಜೆ, ಹೆಸರು, ಪಡೆ, ಕೊನೆಗೆ ‘56 ಎಪಿಓ’ ಅಥವಾ ‘99 ಎಪಿಓ’ ಎಂಬ ಸೇನಾ ಅಂಚೆಯ ಗುರುತು ಇರುತ್ತದೆ. ಇರುವ ಜಾಗದ ಹೆಸರು ಇರುವುದಿಲ್ಲ, ಒಳಗೂ ಬರೆಯುವಂತಿಲ್ಲ. ಹಾಗಾಗಿ ಪದ್ಯದಲ್ಲಿ ‘ಸಿಯಾಚಿನ್ನಿನಿಂದ ಬರೆಯುತ್ತಿರುವೆ’ ಎಂದು ಹಾಕಿದರೆ ಸುಳ್ಳಾಗುತ್ತದೆ. ಜಾಗದ ಹೆಸರಿಲ್ಲದೆಯೇ ಹಿಮ ಗೊತ್ತಾಗಬೇಕು.

ಈಗ ಒಂದು ಪದ್ಯ ಕಟ್ಟಿ ನೋಡೋಣ. ಹುಡುಗ ಧಾರವಾಡ ಸೀಮೆಯವನು, ಅವ್ವನಿಗೆ ‘ನೀ’ ಅನ್ನುವವನು. ಕಾಲ ಆಗಸ್ಟ್ ಮೊದಲ ವಾರ. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತು.

ಅವ್ವ ನೀ ಹೆಂಗದೀ, ನಾನಿಲ್ಲಿ ಆರಾಮ
ಕಾಗದಾ ತಡವಾತು, ಸಿಟ್ಟಾಗಬ್ಯಾಡವ್ವ

ಹೊಲದಾಗ ಹೆಸರೀಗ ಬಿಡಿಸೂದು ಮುಗಿದೈತ?
ಕುಂಟೆತ್ತಿನಾ ಕಾಲ ಬಾವೆಲ್ಲ ಇಳಿದೈತ?

ಸೂಟ್ಯಾಗ ನೀ ಕೊಟ್ಟ ಎಳ್ಳುಂಡಿ ಕಲ್ಲಾತು
ಒಲಿ ಮ್ಯಾಲ ಕಾಸ್ಕೊಂಡು ಎಲ್ಲಾರು ತಿಂದೇವಿ

ಥಂಡಿಲ್ಲ ಅಷ್ಟಿಲ್ಲಿ, ನೀ ಹೊಲಿದ ಕೌದೈತಿ
ಕಾಗದದ ಈ ಮೂಲಿ ಹೊಗಿ ಹತ್ತಿ ಕಪ್ಪಾತು

ಹದಿನೈದ್ಕ ಶಾಲ್ಯಾಗ ಝೆಂಡೈತಿ, ಹೋಗವ್ವ
ಕಂಬದಾ ಮುಂದ್ನಿಂತು ನನಗಾಗಿ ನೀ ನೋಡು

ಹುಡುಗೂರ್ಗೆ ನನ ಪಾಲ ಬೂಂದೀಯ ಹಂಚವ್ವ
ಇನ್ನಷ್ಟು ಬರಿಯಾಕ ಪೆನ್ನೀನ ಮಸಿ ಗಟ್ಟಿ

ಈ ಪದ್ಯದಲ್ಲಿ ಚಳಿ ಎಲ್ಲಿದೆ? ‘ಥಂಡಿಲ್ಲ’ ಎಂದು ಮಗ ಬರೆದಿದ್ದಾನೆ. ಆದರೆ ಅದಕ್ಕೆ ಎರಡು ಸಾಲು ಮೊದಲೇ ಎಳ್ಳುಂಡಿ ಕಲ್ಲಾಗಿದೆ, ಒಲೆಯ ಮೇಲೆ ಕಾಸದೆ ಹಲ್ಲಿಗೆ ಸಿಗುತ್ತಿಲ್ಲ. ಕೊನೆಯ ಸಾಲಿನಲ್ಲಿ ಪೆನ್ನಿನ ಮಸಿ ಗಟ್ಟಿಯಾಗಿದೆ. ಅವ್ವ ಲೆಕ್ಕ ಹಾಕಿಕೊಳ್ಳುತ್ತಾಳೆ, ಅಂಗಳದಲ್ಲಿ ಕೂತ ಊರಿನವರೂ ಹಾಕಿಕೊಳ್ಳುತ್ತಾರೆ. ಕೌದಿಯ ಮಾತು ಬಹುಶಃ ಪೂರ್ತಿ ನಿಜವಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಭಾರ. ಉಸಿರಿಗೂ ಕಷ್ಟವಿರುವ ಮೇಲಿನ ಠಾಣ್ಯಕ್ಕೆ ಅದನ್ನು ಹೊತ್ತು ಹೋಗುವವರಿಲ್ಲ. ಅಲ್ಲಿ ಮಲಗುವುದು ಸೇನೆ ಕೊಟ್ಟ ಮಲಗುಚೀಲದಲ್ಲಿ. ಕೌದಿ ಕೆಳಗಿನ ನೆಲೆಯಲ್ಲಿ ಟ್ರಂಕಿನಲ್ಲಿ ಇರಬೇಕು. ಆದರೂ ಮಗ ಹಾಗೆ ಬರೆಯುತ್ತಾನೆ, ಅವ್ವನಿಗೆ ಸಮಾಧಾನವಾಗಲಿ ಎಂದು. ಇಂಥ ಒಂದು ಸಣ್ಣ ಸುಳ್ಳು ಪದ್ಯದಲ್ಲಿದ್ದರೆ ಹತ್ತು ಸಾಲಿನ ತ್ಯಾಗದ ವರ್ಣನೆಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಧ್ವಜ ಬರುವುದು ಒಂಬತ್ತನೆಯ ಸಾಲಿನ ಹೊತ್ತಿಗೆ, ಅದೂ ಊರಿನ ಶಾಲೆಯ ಕಂಬದ ಮೇಲೆ. ಸೈನಿಕ ತನ್ನ ಠಾಣ್ಯದ ಧ್ವಜವನ್ನು ಹಾಡಿ ಹೊಗಳುವುದಕ್ಕಿಂತ ‘ನನಗಾಗಿ ನೀ ನೋಡು’ ಎನ್ನುವುದು ಯಾಕೆ ಸರಿ ಎಂದರೆ, ಪದ್ಯ ಹೇಳುತ್ತಿರುವ ಮಗುವೂ ಕೇಳುತ್ತಿರುವ ತಾಯಂದಿರೂ ಆಗ ಅದೇ ಕಂಬದ ಮುಂದೆ ಇರುತ್ತಾರೆ. ಕಾಗದದೊಳಗಿನ ಜಾಗವೂ ಅವರು ನಿಂತ ಜಾಗವೂ ಒಂದಾಗುತ್ತದೆ. ‘ನಾಳೆ ಝೆಂಡಾ ಐತಿ’ ಎಂದು ಬರೆಯದೆ ‘ಹದಿನೈದ್ಕ’ ಎಂದದ್ದಕ್ಕೂ ಕಾರಣವಿದೆ. ಕಾಗದ ಊರು ಮುಟ್ಟಲು ದಿನಗಳು ಬೇಕು. ಬರೆದ ಮಗನ ನಾಳೆ ಓದುವ ಅವ್ವನ ನಾಳೆಯಲ್ಲ.

ಲಯದ ಮಾತು. ಇದು ಐದು ಮಾತ್ರೆಯ ಗಣಗಳ ಪದ್ಯ, ಸಾಲಿಗೆ ನಾಲ್ಕು ಗಣ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ; ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡೆರಡು. ‘ಅವ್ವ ನೀ’ ಎಂಬಲ್ಲಿ ಎರಡು, ಒಂದು, ಎರಡು, ಒಟ್ಟು ಐದು. ‘ಹೆಂಗದೀ’ ಐದು, ‘ನಾನಿಲ್ಲಿ’ ಐದು, ‘ಆರಾಮ’ ಐದು. ಧಾರವಾಡದ ಮಾತಿನ ‘ಹೊಲದಾಗ’, ‘ಮುಗಿದೈತ’, ‘ತಿಂದೇವಿ’ ಎಲ್ಲ ತಾವಾಗಿಯೇ ಐದಕ್ಕೆ ಕೂರುತ್ತವೆ. ಅದಕ್ಕೇ ಈ ಲಯ ಇಲ್ಲಿ ಮಾತಿನ ಹತ್ತಿರ ಉಳಿಯುತ್ತದೆ. ‘ನಾನಿಲ್ಲಿ ಆರಾಮವಾಗಿದ್ದೇನೆ’ ಎಂದು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಗಣ ಮುರಿಯುತ್ತದೆ, ಮಗು ಅಲ್ಲಿ ಎಡವುತ್ತದೆ. ಎಡವಿದ್ದನ್ನು ಪತ್ತೆ ಹಚ್ಚಲು ಒಂದೇ ದಾರಿ: ಪ್ರತಿ ಗಣದ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕುತ್ತಾ ಜೋರಾಗಿ ಓದಿಸುವುದು. ಎಲ್ಲಿ ಮಗು ಚಪ್ಪಾಳೆಗಾಗಿ ಕಾಯುತ್ತದೋ, ಎಲ್ಲಿ ಅವಸರ ಮಾಡುತ್ತದೋ ಆ ಸಾಲು ಕೆಟ್ಟಿದೆ. ಪ್ರಾಸಕ್ಕೆ ಹೆಣಗಬೇಕಾಗಿಲ್ಲ. ‘ಮುಗಿದೈತ, ಇಳಿದೈತ’ ಪ್ರಶ್ನೆಗಳಾದ್ದರಿಂದ ತಾವಾಗಿ ಕೂಡಿದವು. ಉಳಿದ ಕಡೆ ಬಿಟ್ಟಿದೆ.

ಮಗು ಮಂಡ್ಯದ ಕಡೆಯದಾದರೆ ಧಾರವಾಡದ ಮಾತನ್ನು ಅದರ ಬಾಯಿಗೆ ತುರುಕಬಾರದು. ಪದ್ಯವನ್ನು ಊರಿಗೆ ತಕ್ಕಂತೆ ಬದಲಿಸಬೇಕು, ಬೆಳೆಯನ್ನೂ ಸೇರಿಸಿ. ‘ಹೊಲದಲ್ಲಿ ರಾಗೀಗೆ ಕಳೆ ಕಿತ್ತು ಮುಗಿದೈತೆ?’ ಎಂದರೆ ಅದೇ ನಾಲ್ಕು ಗಣ, ಅದೇ ಐದು ಮಾತ್ರೆ. ‘ಸೂಟ್ಯಾಗ’ ಹೋಗಿ ‘ರಜದಲ್ಲಿ’ ಬರುತ್ತದೆ. ತಾಯಿಯನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೇ ಇರಲಿ. ‘ಅಮ್ಮ’ ಎನ್ನುವ ಮನೆಯಲ್ಲಿ ‘ಅಮ್ಮ ನೀ’ ಎಂದರೂ ಲೆಕ್ಕ ತಪ್ಪುವುದಿಲ್ಲ.

ಒಂದು ಎಚ್ಚರಿಕೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸೈನಿಕ ಸತ್ತ ಮೇಲೆ ಕಾಗದ ತಲುಪಿತು ಎಂದು ಮುಗಿಸುವ ಆಸೆ ಬಹಳ ಜನ ಕವಿಗಳಿಗೆ ಬರುತ್ತದೆ. ಚಪ್ಪಾಳೆ ಬೀಳುತ್ತದೆ, ಕಣ್ಣೀರೂ ಬರುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕರು; ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಟಿವಿ ಮುಂದೆ ಕೂತು ಕಾದವರು ಈ ಸೀಮೆಯ ಊರೂರಿನಲ್ಲಿದ್ದಾರೆ. ಸೇನೆಯಲ್ಲಿ ಮಗನನ್ನು ಕಳೆದುಕೊಂಡ ಮನೆಯವರು ಶಾಲೆಯ ಅಂಗಳದಲ್ಲೇ ಕೂತಿರಬಹುದು. ಅವರೆದುರು ಹನ್ನೊಂದು ವರ್ಷದ ಮಗು ‘ಅವ್ವಾ, ನಾ ಇನ್ನಿಲ್ಲ’ ಎಂದು ಮೈಕಿನಲ್ಲಿ ಹೇಳುವುದು ಕ್ರೂರ. ಮಗ ಬದುಕಿರುವ ಕಾಗದವೇ ಸಾಕು. ಭಯ ಅದರೊಳಗೆ ಇದ್ದೇ ಇರುತ್ತದೆ.

ಹೇಳುವ ರೀತಿ. ಹನ್ನೆರಡು ಸಾಲು, ನಿಲ್ಲಿಸಿ ಹೇಳಿದರೆ ಒಂದೂವರೆ ನಿಮಿಷ. ಬಿಸಿಲಲ್ಲಿ ನಿಂತ ಮಕ್ಕಳಿಗೆ ಅದಕ್ಕಿಂತ ಉದ್ದ ಬೇಡ. ಕೈಯಲ್ಲಿ ಮಡಿಚಿದ ನೀಲಿ ಇನ್‌ಲ್ಯಾಂಡ್ ಲೆಟರ್ ಇದ್ದರೆ ಚೆಂದ. ಮೈಕಿನ ಹತ್ತಿರ ಅದನ್ನು ಬಿಡಿಸಿದರೆ ಮಾತ್ರ ಬರಬರ ಸದ್ದಾಗಿ ಮೊದಲ ಸಾಲೇ ಮುಳುಗುತ್ತದೆ, ಮೊದಲೇ ಬಿಡಿಸಿಟ್ಟುಕೊಳ್ಳಲಿ. ಮುಷ್ಟಿ ಎತ್ತಿ ಕೂಗುವುದನ್ನು ಕಲಿಸಬೇಡಿ. ಅವ್ವನ ಜೊತೆ ಯಾರೂ ಹಾಗೆ ಮಾತಾಡುವುದಿಲ್ಲ. ‘ಥಂಡಿಲ್ಲ ಅಷ್ಟಿಲ್ಲಿ’ ಆದ ಮೇಲೆ ಒಂದು ಉಸಿರಿನಷ್ಟು ನಿಲ್ಲಲಿ, ಎಳ್ಳುಂಡಿಯ ನೆನಪು ಕೇಳುವವರಿಗೆ ಆಗ ಬರುತ್ತದೆ. ಹತ್ತನೆಯ ಸಾಲಿನಲ್ಲಿ ಕಾಗದದಿಂದ ತಲೆ ಎತ್ತಿ ಕಂಬವನ್ನು ನೋಡಲಿ. ಕೊನೆಯ ಸಾಲನ್ನು ಎಳೆಯಬಾರದು, ಮಸಿ ನಿಂತದ್ದರಿಂದ ಕಾಗದವೂ ನಿಂತಿತು ಎನ್ನುವಂತೆ ಸಾದಾ ಹೇಳಿ ಮುಗಿಸಬೇಕು.

ಇದೇ ಪದ್ಯವನ್ನು ಜನವರಿಗೆ ಎತ್ತಿಕೊಳ್ಳುವವರು ಮೂರು ಕಡೆ ಕೈಯಾಡಿಸಬೇಕು. ಹೆಸರಿನ ಕಾಲ ಆಗ ಮುಗಿದಿರುತ್ತದೆ. ‘ಹೊಲದಾಗ ಬಿಳಿ ಜೋಳ ಕಾಳ್ಗಟ್ಟಿ ನಿಂತೈತ?’ ಎಂದು ಮಾಡಿಕೊಳ್ಳಿ. ‘ಹದಿನೈದ್ಕ’ ಇದ್ದಲ್ಲಿ ‘ಇಪ್ಪತ್ತಾರ್ಕ’ ಹಾಕಿದರೆ ಏಳು ಮಾತ್ರೆಯಾಗಿ ಲಯ ಕೆಡುತ್ತದೆ, ‘ಬರು ವಾರ’ ಎಂದರೆ ಸರಿಹೋಗುತ್ತದೆ. ಮತ್ತೆ, ಆಗಸ್ಟ್ 15ರಂದು ಧ್ವಜವನ್ನು ಕೆಳಗಿನಿಂದ ಮೇಲೇರಿಸುತ್ತಾರೆ, ಜನವರಿ 26ರಂದು ತುದಿಯಲ್ಲೇ ಕಟ್ಟಿರುವುದನ್ನು ಹಗ್ಗ ಎಳೆದು ಬಿಚ್ಚುತ್ತಾರೆ. ನಿಮ್ಮದೇ ಸಾಲು ಸೇರಿಸುವುದಾದರೆ ‘ಏರುವ ಬಾವುಟ’ ಜನವರಿಯಲ್ಲಿ ಬೇಡ. ‘ಬಿಚ್ಚುವ’, ‘ಅರಳುವ’ ಎಂದಿರಲಿ.