ಪೆಟ್ಟು ನೆನಪಿಲ್ಲದ ನೀಲಿ ಕಲೆ

ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದು, ಹೊರಬಂದ ರಕ್ತ ಅಲ್ಲಿಯೇ ನಿಂತಾಗ ಚರ್ಮ ನೀಲಿಗಟ್ಟುತ್ತದೆ. ಮೊದಲು ಕೆಂಪಾಗಿ ಅಥವಾ ನೇರಳೆಯಾಗಿ ಕಾಣುವ ಈ ಕಲೆ ಕೆಲವು ದಿನಗಳಲ್ಲಿ ಹಸಿರಿಗೆ, ಆಮೇಲೆ ಹಳದಿಗೆ ತಿರುಗಿ, ಸಾಮಾನ್ಯವಾಗಿ ಎರಡು ವಾರದೊಳಗೆ ಮಾಸಿಹೋಗುತ್ತದೆ. ಸೋರಿದ ರಕ್ತದ ಹಿಮೋಗ್ಲೋಬಿನನ್ನು ದೇಹ ಹಂತಹಂತವಾಗಿ ಒಡೆದು ತೆಗೆಯುವುದರಿಂದ ಬಣ್ಣ ಹೀಗೆ ಬದಲಾಗುತ್ತದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಈ ಬಣ್ಣಗಳು ಅಷ್ಟು ಸ್ಪಷ್ಟವಾಗಿ ಕಾಣದೆ, ಸುತ್ತಲಿನ ಚರ್ಮಕ್ಕಿಂತ ಕಡುಕಪ್ಪಾದ ಮಚ್ಚೆಯಷ್ಟೇ ಕಾಣಬಹುದು.

ಪೆಟ್ಟು ನೆನಪಿಲ್ಲ ಎಂದಮಾತ್ರಕ್ಕೆ ಪೆಟ್ಟು ಬಿದ್ದೇ ಇಲ್ಲ ಎಂದಲ್ಲ. ಮಂಚದ ಅಂಚು, ಮೇಜಿನ ಮೂಲೆ, ಬಸ್ಸಿನ ಸೀಟಿನ ಕಂಬಿ ತಾಗಿದ್ದು ಆ ಗಳಿಗೆಯಲ್ಲಿ ನೋವಾಗದಿದ್ದರೆ ಮರೆತುಹೋಗುತ್ತದೆ. ಕಲೆ ಎದ್ದು ಕಾಣುವುದು ಒಂದೆರಡು ದಿನ ಕಳೆದ ಮೇಲೆ. ಹಾಗಾಗಿ ಪೆಟ್ಟಿಗೂ ಕಲೆಗೂ ಇರುವ ನಂಟು ಮನಸ್ಸಿಗೆ ಹೊಳೆಯುವುದಿಲ್ಲ. ಆರೋಗ್ಯವಾಗಿರುವ ಅನೇಕ ಮಹಿಳೆಯರ ತೊಡೆ ಮತ್ತು ತೋಳುಗಳ ಮೇಲೆ ಆಗಾಗ ಒಂದೋ ಎರಡೋ ಇಂಥ ಕಲೆಗಳು ಮೂಡುತ್ತವೆ. ಕಲೆ ಕೈಕಾಲುಗಳಲ್ಲಷ್ಟೇ ಇದ್ದು, ಸಣ್ಣದಾಗಿದ್ದು, ಬೇರೆಲ್ಲೂ ರಕ್ತ ಒಸರದೆ, ಎರಡು ವಾರದಲ್ಲಿ ಮಾಯವಾದರೆ ಹುಡುಕಬೇಕಾದ ಕಾಯಿಲೆ ಸಾಮಾನ್ಯವಾಗಿ ಇರುವುದಿಲ್ಲ.

ರಕ್ತವನ್ನು ನಾಳದೊಳಗೇ ಹಿಡಿದಿಡಲು ದೇಹದಲ್ಲಿ ಮೂರು ವ್ಯವಸ್ಥೆಗಳಿವೆ. ಮೊದಲನೆಯದು ನಾಳದ ಗೋಡೆ ಮತ್ತು ಅದಕ್ಕೆ ಆಧಾರವಾಗಿರುವ ಚರ್ಮದ ನಾರು. ಎರಡನೆಯದು ರಕ್ತದಲ್ಲಿ ತೇಲುವ ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳು. ನಾಳದಲ್ಲಿ ಬಿರುಕು ಬಿಟ್ಟೊಡನೆ ಇವು ಅಲ್ಲಿಗೆ ಅಂಟಿಕೊಂಡು ಮೊದಲ ತಡೆ ಒಡ್ಡುತ್ತವೆ. ಮೂರನೆಯದು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು. ಇವು ಆ ಮೊದಲ ತಡೆಯ ಮೇಲೆ ಗಟ್ಟಿ ಬಲೆ ಹೆಣೆಯುತ್ತವೆ. ಕಾರಣವಿಲ್ಲದೆ ಮೂಡಿದಂತೆ ಕಾಣುವ ಕಲೆಯನ್ನು ನೋಡಿದಾಗ ವೈದ್ಯರು ಕೇಳಿಕೊಳ್ಳುವುದು, ಈ ಮೂರರಲ್ಲಿ ಯಾವುದು ಸೋತಿದೆ ಎಂದು.

ನಾಳದ ಆಧಾರ ಸಡಿಲವಾಗಲು ಬಹಳ ಸಾಮಾನ್ಯ ಕಾರಣ ವಯಸ್ಸು. ವರ್ಷಗಟ್ಟಲೆ ಬಿಸಿಲು ಕಂಡ ಮುಂಗೈ ಮತ್ತು ಅಂಗೈ ಹಿಂಬದಿಯ ಚರ್ಮ ಅರವತ್ತು ದಾಟಿದವರಲ್ಲಿ ತೆಳುವಾಗುತ್ತದೆ. ಸೀರೆಯ ಅಂಚು ಉಜ್ಜಿದರೂ ಸಾಕು, ಅಲ್ಲಿ ನೇರಳೆ ಮಚ್ಚೆ ಮೂಡುತ್ತದೆ. ವಾರಗಟ್ಟಲೆ ಉಳಿದು, ಹೋಗುವಾಗ ಕಂದು ಛಾಯೆ ಬಿಟ್ಟುಹೋಗುವುದೂ ಉಂಟು. ಇದರಲ್ಲಿ ರಕ್ತದ ದೋಷವಿಲ್ಲ. ಸ್ಟೀರಾಯ್ಡ್ ಔಷಧಗಳೂ ಚರ್ಮವನ್ನು ಹೀಗೆಯೇ ತೆಳುವಾಗಿಸುತ್ತವೆ. ವೈದ್ಯರು ಬರೆದುಕೊಟ್ಟ ಮಾತ್ರೆ ನೆನಪಿರುತ್ತದೆ, ಆದರೆ ಮುಖ ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ಕ್ರೀಮಿನಲ್ಲಿ, ಮಂಡಿನೋವಿಗೆಂದು ತೆಗೆದುಕೊಂಡ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದೆಂಬುದು ಹಲವರಿಗೆ ತಿಳಿದಿರುವುದಿಲ್ಲ.

ಎರಡನೆಯ ಮತ್ತು ಮೂರನೆಯ ವ್ಯವಸ್ಥೆಗಳಿಗೆ ಅಡ್ಡಿಯಾಗುವ ಔಷಧಗಳೂ ಇವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ಕುಂದಿಸುತ್ತವೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ ವಾರದಿಂದ ಹತ್ತು ದಿನ, ಮತ್ತೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳದೂ ಇದೇ ಗುಣ, ಆದರೆ ಪರಿಣಾಮ ಬೇಗ ಇಳಿಯುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹಿಡಿದಿಡುತ್ತವೆ. ಕೆಲವು ಖಿನ್ನತೆಯ ಔಷಧಗಳಿಂದಲೂ ಕಲೆ ಬೇಗ ಮೂಡುತ್ತದೆ. ಇಂಥ ಮಾತ್ರೆ ತೆಗೆದುಕೊಳ್ಳುವವರು ಕಲೆಗಳು ಹೆಚ್ಚಾದರೆ ವೈದ್ಯರಿಗೆ ಹೇಳಬೇಕು. ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವ ಅಪಾಯವಿದೆ.

ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ. ಆದ್ದರಿಂದ ವರ್ಷಗಳ ಮದ್ಯಪಾನದಿಂದಲೋ ಹೆಪಟೈಟಿಸ್ ಸೋಂಕಿನಿಂದಲೋ ಯಕೃತ್ತು ಹಾಳಾದವರಲ್ಲಿ ಕಲೆಗಳು ಸುಲಭವಾಗಿ ಮೂಡುತ್ತವೆ. ಹುಟ್ಟಿನಿಂದಲೇ ಈ ಪ್ರೋಟೀನುಗಳ ಕೊರತೆ ಇರುವವರೂ ಉಂಟು. ಹಿಮೋಫಿಲಿಯಾ ಇರುವ ಗಂಡುಮಕ್ಕಳಲ್ಲಿ ರಕ್ತ ಮುಖ್ಯವಾಗಿ ಕೀಲು ಮತ್ತು ಸ್ನಾಯುಗಳ ಆಳದಲ್ಲಿ ಸೋರಿ ಮಂಡಿ, ಮೊಣಕೈ ಊದಿಕೊಳ್ಳುತ್ತವೆ. ವಾನ್ ವಿಲ್ಲೆಬ್ರಾಂಡ್ ಎಂಬ ಕಾಯಿಲೆ ಇದಕ್ಕಿಂತ ಹೆಚ್ಚು ಸಾಮಾನ್ಯ. ಇದರಲ್ಲಿ ಬಾಲ್ಯದಿಂದಲೂ ಮೂಗಿನಲ್ಲಿ ರಕ್ತ, ಹಲ್ಲು ಕೀಳಿಸಿದಾಗ ಗಂಟೆಗಟ್ಟಲೆ ನಿಲ್ಲದ ರಕ್ತ, ಹೆಣ್ಣುಮಕ್ಕಳಲ್ಲಿ ವಿಪರೀತ ಮುಟ್ಟಿನ ಸ್ರಾವ ಇರುತ್ತದೆ.

ಬೇಗ ಪತ್ತೆ ಹಚ್ಚಲೇಬೇಕಾದ ಹಲವು ಕಾಯಿಲೆಗಳಿರುವುದು ಪ್ಲೇಟ್‌ಲೆಟ್ ಕಡಿಮೆಯಾಗುವ ಗುಂಪಿನಲ್ಲಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಸಂಖ್ಯೆ 50,000ಕ್ಕಿಂತ ಕೆಳಗಿಳಿದಾಗ ಚಿಕ್ಕ ತಾಗುವಿಕೆಗೂ ಕಲೆ ಬೀಳುತ್ತದೆ. 20,000ಕ್ಕಿಂತ ಕಡಿಮೆಯಾದರೆ ತಾಗದೆಯೂ ಮೂಡಬಹುದು. ಈ ಕೊರತೆಗೆ ತನ್ನದೇ ಒಂದು ಗುರುತು ಇದೆ. ಮುಖ್ಯವಾಗಿ ಕಣಕಾಲು ಮತ್ತು ಪಾದದ ಸುತ್ತ ಸಾಸಿವೆ ಕಾಳಿಗಿಂತ ಚಿಕ್ಕದಾದ ಕೆಂಪು ಚುಕ್ಕೆಗಳು ಗುಂಪಾಗಿ ಏಳುತ್ತವೆ. ಅಲರ್ಜಿಯ ಗುಳ್ಳೆಯಂತೆ ಇವು ತುರಿಸುವುದಿಲ್ಲ, ಉಬ್ಬಿರುವುದಿಲ್ಲ. ಪಾರದರ್ಶಕ ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡಿದರೆ ಅಲರ್ಜಿಯ ಕೆಂಪು ಮಾಯವಾಗುತ್ತದೆ, ಈ ಚುಕ್ಕೆಗಳು ಹಾಗೆಯೇ ಉಳಿಯುತ್ತವೆ. ಏಕೆಂದರೆ ರಕ್ತ ಆಗಲೇ ನಾಳದಿಂದ ಹೊರಬಂದಿರುತ್ತದೆ.

ನಮ್ಮಲ್ಲಿ ಪ್ಲೇಟ್‌ಲೆಟ್ ಇಳಿದಾಗ ಮೊದಲು ನೆನಪಾಗುವುದು ಡೆಂಗಿ. ಮಲೆನಾಡಿನಲ್ಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಅದು ಇಳಿಯುತ್ತದೆ. ಇವೆರಡರಲ್ಲೂ ಜ್ವರ ಮೊದಲು ಬರುತ್ತದೆ. ಜ್ವರವೇ ಇಲ್ಲದೆ ಕಲೆಗಳು ಮೂಡಿದಾಗ ಏನು ಹುಡುಕುತ್ತಾರೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡಬಹುದು.

ಮೂವತ್ತು ದಾಟಿದ ಶಿಕ್ಷಕಿಯೊಬ್ಬರಿಗೆ ಹತ್ತು ದಿನಗಳಿಂದ ತೊಡೆ, ಹೊಟ್ಟೆಯ ಮೇಲೆ ಕಲೆಗಳು ಮೂಡುತ್ತಿವೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಪಾದಗಳ ಸುತ್ತ ಕೆಂಪು ಚುಕ್ಕೆ. ಬೇರೆ ಸುಸ್ತಿಲ್ಲ, ಯಾವ ಮಾತ್ರೆಯನ್ನೂ ತೆಗೆದುಕೊಂಡಿಲ್ಲ. ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 14,000, ಹಿಮೋಗ್ಲೋಬಿನ್ 12.4, ಬಿಳಿ ರಕ್ತಕಣ 7,200 ಎಂದು ಬರುತ್ತದೆ. ಪ್ಲೇಟ್‌ಲೆಟ್ ಮಾತ್ರ ಕುಸಿದಿದೆ, ಉಳಿದೆರಡೂ ಸರಿಯಿವೆ. ಆದರೂ ವೈದ್ಯರು ಈ ಅಂಕಿಯನ್ನು ಒಮ್ಮೆಗೇ ನಂಬುವುದಿಲ್ಲ. ರಕ್ತ ಸಂಗ್ರಹಿಸುವ ಕೊಳವೆಯಲ್ಲಿರುವ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರಕ್ಕೆ ಅವು ಲೆಕ್ಕಕ್ಕೆ ಸಿಗದೆ ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಅದಕ್ಕಾಗಿ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಕ್ಷಕಿಯ ಪಟ್ಟಿಯಲ್ಲಿ ಅಂಥ ಗುಂಪುಗಳಿಲ್ಲ. ಪ್ಲೇಟ್‌ಲೆಟ್‌ಗಳು ನಿಜಕ್ಕೂ ವಿರಳ, ಇರುವವುಗಳಲ್ಲಿ ಕೆಲವು ದೊಡ್ಡವು. ಬೇರೆ ಕಣಗಳೆಲ್ಲ ಸಹಜವಾಗಿವೆ.

ಈ ಚಿತ್ರ ಐಟಿಪಿ ಎಂಬ ಸ್ಥಿತಿಗೆ ಹೊಂದುತ್ತದೆ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಪ್ಲೇಟ್‌ಲೆಟ್‌ಗಳನ್ನು ಶತ್ರುವೆಂದು ಭಾವಿಸಿ, ಮುಖ್ಯವಾಗಿ ಗುಲ್ಮದಲ್ಲಿ ನಾಶ ಮಾಡುತ್ತದೆ. ಎಚ್‌ಐವಿ, ಹೆಪಟೈಟಿಸ್ ಸಿ ಸೋಂಕುಗಳಿಂದಲೂ ಹೀಗಾಗಬಹುದಾದ್ದರಿಂದ ಅವುಗಳ ಪರೀಕ್ಷೆಯೂ ನಡೆಯುತ್ತದೆ. ವಯಸ್ಕರಲ್ಲಿ ಸಂಖ್ಯೆ ಇಷ್ಟು ಕಡಿಮೆಯಿದ್ದರೆ ಸಾಮಾನ್ಯವಾಗಿ ಸ್ಟೀರಾಯ್ಡ್ ಮಾತ್ರೆಯಿಂದ ಚಿಕಿತ್ಸೆ ಆರಂಭವಾಗುತ್ತದೆ. ಮಕ್ಕಳಲ್ಲಿ ಐಟಿಪಿ ನೆಗಡಿ ಜ್ವರದ ಬೆನ್ನಿಗೆ ಬಂದು, ಹೆಚ್ಚಿನವರಲ್ಲಿ ಕೆಲವು ತಿಂಗಳೊಳಗೆ ತಾನಾಗಿ ಇಳಿಯುತ್ತದೆ.

ಅದೇ 14,000 ಪ್ಲೇಟ್‌ಲೆಟ್ ಜೊತೆಗೆ ಹಿಮೋಗ್ಲೋಬಿನ್ 6.8, ಬಿಳಿ ಕಣ 48,000 ಬಂದಿದ್ದರೆ, ಗಾಜಿನ ಪಟ್ಟಿಯಲ್ಲಿ ಬಲಿಯದ ಕಣಗಳು ಕಂಡಿದ್ದರೆ, ಅದು ರಕ್ತದ ಕ್ಯಾನ್ಸರಿನ ಸೂಚನೆ. ಅಸ್ಥಿಮಜ್ಜೆಯ ಪರೀಕ್ಷೆಗೆ ಆ ದಿನವೇ ಏರ್ಪಾಡಾಗಬೇಕು. ಮೂರೂ ಬಗೆಯ ಕಣಗಳು ಒಟ್ಟಿಗೆ ಕಡಿಮೆಯಾಗಿದ್ದರೆ ಮಜ್ಜೆ ಸೊರಗಿರಬಹುದು. ಹಾಗೆಯೇ ವಿಟಮಿನ್ ಬಿ12 ಕೊರತೆಯಿಂದಲೂ ಇದೇ ಚಿತ್ರ ಬರಬಹುದು. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ಚುಚ್ಚುಮದ್ದಿನಿಂದ ಗುಣವಾಗುವಂಥದ್ದು. ಹೀಗೆ ಪ್ಲೇಟ್‌ಲೆಟ್ ಸಂಖ್ಯೆಯೊಂದೇ ಕಾರಣವನ್ನು ಹೇಳುವುದಿಲ್ಲ. ಪಕ್ಕದ ಎರಡು ಅಂಕಿಗಳನ್ನೂ ಗಾಜಿನ ಪಟ್ಟಿಯ ವರದಿಯನ್ನೂ ಸೇರಿಸಿ ಓದಬೇಕು.

ಕೈಕಾಲು ಬಿಟ್ಟು ಬೆನ್ನು, ಹೊಟ್ಟೆ, ಮುಖದ ಮೇಲೆ ಕಾರಣ ತಿಳಿಯದ ಕಲೆ ಮೂಡಿದರೆ, ಅಂಗೈಯಷ್ಟು ದೊಡ್ಡ ಕಲೆಗಳು ಮತ್ತೆ ಮತ್ತೆ ಬಂದರೆ, ಹಳೆಯದು ಮಾಸುವ ಮೊದಲೇ ಹೊಸವು ಸೇರುತ್ತಿದ್ದರೆ ರಕ್ತಪರೀಕ್ಷೆ ಬೇಕು. ವಸಡು, ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ಮುಟ್ಟಿನ ಸ್ರಾವ ಇದ್ದಕ್ಕಿದ್ದಂತೆ ಹೆಚ್ಚಿದರೆ, ಕೆಂಪು ಚುಕ್ಕೆಗಳು ಕಂಡರೆ ಒಂದೆರಡು ದಿನದಲ್ಲೇ ಪರೀಕ್ಷೆ ಆಗಬೇಕು. ಕಲೆಗಳ ಜೊತೆ ಬಿಡದ ಜ್ವರ, ಬಿಳಿಚಿದ ಮೈ, ತೂಕ ಇಳಿಕೆ, ಮೂಳೆನೋವು, ಕುತ್ತಿಗೆಯಲ್ಲಿ ಗಡ್ಡೆ ಅಥವಾ ಕಾಮಾಲೆ ಇದ್ದರೂ ಅಷ್ಟೇ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಲೆ ಕಂಡರೆ ಅದನ್ನು ಎಂದೂ ಸಹಜ ಎನ್ನಬಾರದು. ಓಡಾಡುವ ಮಗುವಿನ ಮೊಣಕಾಲಿನ ಕಲೆ ಮಾತ್ರ ಸಾಮಾನ್ಯವಾಗಿ ಆಟದ್ದೇ ಆಗಿರುತ್ತದೆ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಜ್ವರದ ಜೊತೆ ನೇರಳೆ ಮಚ್ಚೆಗಳು ಗಂಟೆಗಳಲ್ಲಿ ಹರಡುವುದು, ತೀವ್ರ ತಲೆನೋವು ಅಥವಾ ಮಂಪರು, ಡಾಂಬರಿನಂತೆ ಕಪ್ಪಾದ ಮಲ, ಮೂತ್ರ ಅಥವಾ ವಾಂತಿಯಲ್ಲಿ ರಕ್ತ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬೀಳುವುದು ಇಂಥವು.

ಮೊದಲ ಹಂತದಲ್ಲಿ ಬೇಕಾಗುವುದು ಸಿಬಿಸಿ, ಗಾಜಿನ ಪಟ್ಟಿಯ ಪರೀಕ್ಷೆ, ಮತ್ತು ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ, ಎಪಿಟಿಟಿ ಎಂಬ ಎರಡು ಪರೀಕ್ಷೆ. ಇವುಗಳ ಜೊತೆ ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸುವುದುಂಟು. ಇವೆಲ್ಲ ಸರಿಯಿದ್ದರೂ ರಕ್ತಸ್ರಾವದ ದೋಷ ಇಲ್ಲವೆಂದು ಖಚಿತವಾಗಿ ಹೇಳಲಾಗದು. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ, ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದೂ ಕೆಲಸ ಕೆಟ್ಟಿರುವಾಗ ಇವುಗಳಲ್ಲಿ ಏನೂ ಕಾಣದಿರಬಹುದು. ಆಗ ದಾರಿ ತೋರಿಸುವುದು ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ರಕ್ತ ಹೋಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂಬ ವಿವರ.

ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಪುಡಿ, ಕ್ರೀಮುಗಳನ್ನು ಜೊತೆಗೆ ಒಯ್ಯಬೇಕು. ಕಲೆ ಮೂಡಿದ ದಿನ ಬರೆದಿಟ್ಟು, ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಅದು ಮಾಸುತ್ತಿದೆಯೋ ಹೆಚ್ಚುತ್ತಿದೆಯೋ ತಿಳಿಯುತ್ತದೆ. ವರದಿ ಬರುವವರೆಗೆ ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಬಿಟ್ಟು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಆದರೆ ಯಕೃತ್ತಿನ ತೊಂದರೆ ಇರುವವರು ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಪ್ಲೇಟ್‌ಲೆಟ್ ಕಡಿಮೆಯಿರಬಹುದೆಂಬ ಅನುಮಾನವಿದ್ದರೆ ಸ್ನಾಯುವಿಗೆ ಕೊಡುವ ಚುಚ್ಚುಮದ್ದು ಬೇಡ. ಚುಚ್ಚಿದ ಜಾಗದ ಆಳದಲ್ಲಿ ರಕ್ತ ಸೋರಿ ದೊಡ್ಡ ಗಡ್ಡೆಯಾಗಬಹುದು.