ಟಿವಿ ಕೆಟ್ಟರೆ ಕಲಾಕೃತಿ ಉಳಿಯುತ್ತದೆಯೇ?

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹೊಂದಿಕೊಂಡ ಊರು ಗ್ವಾಚಾನ್. ಅಲ್ಲಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದ ನಟ್ಟನಡುವೆ ಟಿವಿಗಳಿಂದಲೇ ಕಟ್ಟಿದ ಒಂದು ಗೋಪುರ ನಿಂತಿದೆ. ಎತ್ತರ ಸುಮಾರು 18.5 ಮೀಟರ್, ಟಿವಿಗಳು 1,003. ಕೊರಿಯನ್ನರು ತಮ್ಮ ರಾಷ್ಟ್ರ ಸ್ಥಾಪನೆಯ ದಿನವನ್ನು ಆಚರಿಸುವುದು ಅಕ್ಟೋಬರ್ 3ರಂದು. ಹತ್ತನೆಯ ತಿಂಗಳ ಮೂರನೆಯ ದಿನ ಎಂಬುದರಿಂದಲೇ ಈ ಸಂಖ್ಯೆ ಹುಟ್ಟಿತು. ಸೋಲ್ ಒಲಿಂಪಿಕ್ಸ್ ನಡೆದ 1988ರಲ್ಲಿ ಇದನ್ನು ಕಟ್ಟಿದವರು ವಿಡಿಯೊ ಕಲೆಯ ಆದ್ಯರಲ್ಲಿ ಒಬ್ಬರಾದ ನಾಮ್ ಜೂನ್ ಪೈಕ್. ಕೃತಿಯ ಹೆಸರಿನ ಅರ್ಥ ‘ಹೆಚ್ಚಾದಷ್ಟೂ ಒಳ್ಳೆಯದು’.

ಇದನ್ನು ಒಂದೆಡೆ ನಿಂತು ನೋಡಲಾಗದು. ಗೋಪುರದ ಸುತ್ತ ಇಳಿಜಾರು ಹಾದಿ ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ. ಬುಡದಲ್ಲಿ ದೊಡ್ಡ ಪರದೆಗಳು, ತುದಿಯಲ್ಲಿ ಅಂಗೈಯಗಲದವು. ಹತ್ತುತ್ತ ಹೋದಂತೆ ಚಿತ್ರಗಳೂ ಬದಲಾಗುತ್ತವೆ, ನೋಡುವ ಕೋನವೂ ಬದಲಾಗುತ್ತದೆ. ಇಂಥ ಕೃತಿಯ ಬಗ್ಗೆ ಬರೆಯುವವರು ಚಿತ್ರಪಟವನ್ನು ವಿವರಿಸಿದಂತೆ ಬಣ್ಣ, ರೇಖೆಗಳಲ್ಲೇ ನಿಂತರೆ ಓದುಗನಿಗೆ ಏನೂ ಸಿಕ್ಕುವುದಿಲ್ಲ. ಎಲ್ಲಿ ನಿಂತರು, ಎಷ್ಟು ಹೊತ್ತು ನೋಡಿದರು, ಯಾವ ಯಂತ್ರ ಉರಿಯುತ್ತಿತ್ತು ಎಂಬುದನ್ನೂ ಹೇಳಲೇಬೇಕು.

ಯಂತ್ರದ ಮಾತು ಯಾಕೆ ಮುಖ್ಯ ಎನ್ನುವುದಕ್ಕೆ ಈ ಗೋಪುರದ ಪಾಡೇ ಸಾಕ್ಷಿ. ಪೈಕ್ ಬಳಸಿದ್ದು ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಗಳು. ಟ್ಯೂಬಿನ ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳು ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪಕ್ಕೆ ಬಡಿದಾಗ ಬೆಳಕು ಹುಟ್ಟುತ್ತದೆ. ದಿನವಿಡೀ ಉರಿದರೆ ಎಲೆಕ್ಟ್ರಾನು ಸೂಸುವ ಶಕ್ತಿ ಕುಂದಿ ಚಿತ್ರ ಮಂಕಾಗುತ್ತದೆ, ಬಣ್ಣ ಏರುಪೇರಾಗುತ್ತದೆ. ಒಂದೇ ಚಿತ್ರ ಬಹುಕಾಲ ನಿಂತ ಕಡೆ ಅದರ ಕಲೆ ಪರದೆಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಕೆಟ್ಟದ್ದನ್ನು ತೆಗೆದು ಅಂಥದ್ದೇ ಇನ್ನೊಂದನ್ನು ಕೂರಿಸುವುದು ಮೊದಲು ಸುಲಭವಿತ್ತು. ಗೋಪುರದ ಟಿವಿಗಳನ್ನು 2003ರಲ್ಲಿ ಬದಲಾಯಿಸಿಯೂ ಇದ್ದರು. ಆಮೇಲೆ ಜಗತ್ತು ಚಪ್ಪಟೆ ಪರದೆಗೆ ಹೊರಳಿತು, ಪಿಕ್ಚರ್ ಟ್ಯೂಬಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಪೈಕ್ 2006ರಲ್ಲಿ ತೀರಿಕೊಂಡರು. 2018ರಲ್ಲಿ, ಹಳೆಯ ಉಪಕರಣಗಳಿಂದ ಅಪಾಯವಾದೀತೆಂದು ಸಂಗ್ರಹಾಲಯವು ಗೋಪುರದ ವಿದ್ಯುತ್ತನ್ನೇ ನಿಲ್ಲಿಸಿತು.

ಆಗ ಎದ್ದ ಪ್ರಶ್ನೆ ದುರಸ್ತಿಯನ್ನು ಮೀರಿದ್ದು: ಇಲ್ಲಿ ಕಲಾಕೃತಿ ಯಾವುದು? ಪರದೆಯಲ್ಲಿ ಓಡುವ ಚಿತ್ರಗಳೇ ಕೃತಿ ಎಂದಾದರೆ ಎಲ್ಲವನ್ನೂ ಎಲ್‌ಸಿಡಿಗೆ ಬದಲಿಸಿದರಾಯಿತು. ಆದರೆ ಉಬ್ಬಿದ ಗಾಜು, ಡಬ್ಬಿಯ ದಪ್ಪ, ಗಾಜಿನೊಳಗಿಂದಲೇ ಹೊಮ್ಮುವ ಬೆಳಕು ಇವೂ ಸೇರಿ ಈ ಗೋಪುರವಾಗಿದೆ. ಹಳೆಯ ಪರದೆಯ ಅಗಲ ಮತ್ತು ಎತ್ತರದ ಅನುಪಾತ 4:3. ಅಗಲವಾದ ಇಂದಿನ ಪರದೆಗೆ ಆ ಚಿತ್ರವನ್ನು ತುಂಬಿದರೆ ಮುಖಗಳು ಹಿಗ್ಗುತ್ತವೆ, ಇಲ್ಲವೆಂದರೆ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಇನ್ನೊಂದು ಕಡೆ, ಪೈಕ್ ಹೊಸ ತಂತ್ರಜ್ಞಾನವನ್ನು ಬಾಚಿ ಅಪ್ಪಿಕೊಂಡ ಮನುಷ್ಯ. ಹಳೆಯ ಡಬ್ಬಿಗಳಿಗೆ ಅಂಟಿಕೊಂಡು ಕೂರುವುದು ಅವರ ಸ್ವಭಾವಕ್ಕೆ ಒಗ್ಗದು ಎಂಬ ವಾದದಲ್ಲೂ ಹುರುಳಿದೆ.

ಸಂಗ್ರಹಾಲಯ ನಡುದಾರಿ ಹಿಡಿಯಿತು. 737 ಪಿಕ್ಚರ್ ಟ್ಯೂಬ್ ಟಿವಿಗಳನ್ನು ರಿಪೇರಿ ಮಾಡಿ, ಅಥವಾ ಸೆಕೆಂಡ್‌ಹ್ಯಾಂಡ್ ಸಾಮಾನು ಹುಡುಕಿ ತಂದು ಉಳಿಸಿಕೊಂಡರು. ತುದಿಯ ಸಣ್ಣ ಪರದೆಗಳು ಸೇರಿ 266ಕ್ಕೆ ಚಪ್ಪಟೆ ಪರದೆ ಬಂತು. ಹಳೆಯ ವಿಡಿಯೊಗಳನ್ನು ಡಿಜಿಟಲ್ ರೂಪಕ್ಕೆ ತಂದರು. 2022ರ ಸೆಪ್ಟೆಂಬರ್‌ನಲ್ಲಿ ಗೋಪುರ ಮತ್ತೆ ಉರಿಯಿತು. ಟ್ಯೂಬುಗಳ ಆಯಸ್ಸು ಉಳಿಸಲು ದಿನಕ್ಕೆ ಕೆಲವೇ ಗಂಟೆ. ಇದು ಸರಿಯಾದ ನಿರ್ಧಾರ. ನೋಡುಗನ ಕಣ್ಣಿಗೆ ಹತ್ತಿರವಿರುವ ದೊಡ್ಡ ಪರದೆಗಳಲ್ಲಿ ಗಾಜಿನ ಉಬ್ಬು ಉಳಿಯಿತು, ದೂರದ ತುದಿಯಲ್ಲಿ ರಾಜಿ ನಡೆಯಿತು.

ನಮ್ಮ ದೇಶದ ಕಲಾವಿದರ ಕೃತಿಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ನಳಿನಿ ಮಲಾನಿಯವರು 2012ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನಕ್ಕಾಗಿ ಮಾಡಿದ ‘ಇನ್ ಸರ್ಚ್ ಆಫ್ ವ್ಯಾನಿಶ್ಡ್ ಬ್ಲಡ್’ ಕೃತಿಯಲ್ಲಿ, ಒಳಮೈಗೆ ಚಿತ್ರ ಬರೆದ ಐದು ಪಾರದರ್ಶಕ ಕೊಳವೆಗಳು ಮೇಲಿನಿಂದ ಇಳಿಬಿದ್ದು ತಿರುಗುತ್ತವೆ. ಪ್ರೊಜೆಕ್ಟರುಗಳ ಬೆಳಕು ಅವುಗಳನ್ನು ಹಾಯ್ದು ಕೋಣೆಯ ಗೋಡೆಗಳ ಮೇಲೆ ನೆರಳುಗಳನ್ನು ಓಡಿಸುತ್ತದೆ, ಜೊತೆಗೆ ಧ್ವನಿಯಿದೆ. ಒಂದು ಸುತ್ತು ಮುಗಿಯಲು 11 ನಿಮಿಷ ಬೇಕು. ಫೋಟೊದಲ್ಲಿ ಸಿಗುವುದು ಅದರಲ್ಲಿ ಒಂದೇ ಒಂದು ಗಳಿಗೆ. ಪ್ರೊಜೆಕ್ಟರಿನ ಹೊಳಪು ಬದಲಾದರೆ ನೆರಳಿನ ಗಾಢತೆ ಬದಲಾಗುತ್ತದೆ, ಕೊಳವೆಯ ವೇಗ ಬದಲಾದರೆ ಕೋಣೆಯ ಲಯವೇ ಬೇರೆಯಾಗುತ್ತದೆ.

ಆದ್ದರಿಂದ ಇಂಥ ಪ್ರದರ್ಶನಕ್ಕೆ ಹೋಗಿ ಬರೆಯುವವರಲ್ಲಿ ಒಂದು ಕೋರಿಕೆ. ಕೃತಿಯ ಅರ್ಥದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಆದರೆ ಪರದೆಗಳೆಷ್ಟು, ಕೋಣೆ ಎಷ್ಟು ಕತ್ತಲಾಗಿತ್ತು, ಸದ್ದು ಯಾವ ಕಡೆಯಿಂದ ಬರುತ್ತಿತ್ತು, ಸುತ್ತು ಎಷ್ಟು ನಿಮಿಷದ್ದು, ಯಾವ ಯಂತ್ರ ನಡೆಯುತ್ತಿರಲಿಲ್ಲ ಎಂಬುದನ್ನು ಬಿಡಬೇಡಿ. ಮುಂದೆ ಯಾವತ್ತಾದರೂ ಕೃತಿಯನ್ನು ಮತ್ತೆ ಕಟ್ಟುವವರು ಹುಡುಕುವುದು ಆ ವಿವರಗಳನ್ನೇ.