ಹೆರಿಟೇಜ್ ಹೋಟೆಲ್‌ನ ಪತ್ರಿಕಾ ಪ್ರಕಟಣೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಹಳೆಯ ಕಟ್ಟಡ ಹೋಟೆಲಾಗುವುದು ನಮಗೆ ಹೊಸತಲ್ಲ. ಮೈಸೂರಿನ ಲಲಿತ ಮಹಲ್ 1974ರಲ್ಲೇ ಹೋಟೆಲಾಯಿತು. ಆದರೆ ಇಂಥ ಹೋಟೆಲ್ ಶುರುವಾಗುವ ಸುದ್ದಿ ಇಂಗ್ಲಿಷ್ ಪ್ರಕಟಣೆಯಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಎಷ್ಟೋ ಸಲ ಕಟ್ಟಡದ ವಯಸ್ಸೂ ಖರ್ಚಿನ ಮೊತ್ತವೂ ಬೆಳೆದುಬಿಟ್ಟಿರುತ್ತವೆ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ: ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ 1928ರಲ್ಲಿ ಕಟ್ಟಿದ ಬಂಗಲೆ. ಅದರಲ್ಲಿ 8 ಕೊಠಡಿಗಳಿವೆ, ಹಿಂಬದಿಯಲ್ಲಿ ಹೊಸದಾಗಿ 6 ಕಟ್ಟಿದ್ದಾರೆ. ನವೆಂಬರ್ 1ಕ್ಕೆ ಆರಂಭ.

ತಪ್ಪು ಕಲ್ಪನೆ: ಕಟ್ಟಡ ಹಳೆಯದಾದರೆ ಯಾವ ದರ್ಜೆಯನ್ನಾದರೂ ಬರೆಯಬಹುದು.

ವಾಸ್ತವ: ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣಕ್ಕೆ ಅದರದೇ ಲೆಕ್ಕವಿದೆ. 1950ಕ್ಕೆ ಮೊದಲು ಕಟ್ಟಿದ್ದು, ಕನಿಷ್ಠ 5 ಕೊಠಡಿ ಇದ್ದರೆ ‘ಬೇಸಿಕ್’ ದರ್ಜೆಗೆ ಅರ್ಜಿ ಹಾಕಬಹುದು. ‘ಕ್ಲಾಸಿಕ್’ ಮತ್ತು ‘ಗ್ರ್ಯಾಂಡ್’ ದರ್ಜೆಗಳಿಗೆ ಕಟ್ಟಡ 1935ಕ್ಕಿಂತ ಹಿಂದಿನದಾಗಿರಬೇಕು, ಕನಿಷ್ಠ 15 ಕೊಠಡಿ ಇರಬೇಕು. ನಮ್ಮ ಬಂಗಲೆ ವಯಸ್ಸಿನಲ್ಲಿ ‘ಕ್ಲಾಸಿಕ್’ಗೆ ಸಲ್ಲುತ್ತದೆ, ಆದರೆ ಕೊಠಡಿಗಳ ಲೆಕ್ಕದಲ್ಲಿ ಒಂದು ಕಡಿಮೆ ಬೀಳುತ್ತದೆ. ಇನ್ನೊಂದು ನಿಯಮದ ಪ್ರಕಾರ, ಹೊಸದಾಗಿ ಕಟ್ಟಿದ ಭಾಗ ಹಳೆಯದೂ ಹೊಸದೂ ಸೇರಿದ ಒಟ್ಟು ವಿಸ್ತೀರ್ಣದ ಅರ್ಧವನ್ನು ಮೀರಬಾರದು. 14ರಲ್ಲಿ 6 ಕೊಠಡಿಗಳು ಹೊಸದಾಗಿ ಕಟ್ಟಿದವು, ಆದ್ದರಿಂದ ‘14 ಪಾರಂಪರಿಕ ಕೊಠಡಿಗಳು’ ಎಂದು ಬರೆದರೆ ತಪ್ಪಾಗುತ್ತದೆ. ವರ್ಗೀಕರಣ ಕೈಗೆ ಬರುವ ತನಕ ‘1928ರ ಬಂಗಲೆಯಲ್ಲಿ ಹೋಟೆಲ್’ ಎಂದಷ್ಟೇ ಬರೆದರೆ ಯಾರೂ ಆಕ್ಷೇಪಿಸಲಾರರು.

ತಪ್ಪು ಕಲ್ಪನೆ: ಚಿಕ್ಕದು ಮಾಡುವ ಕೆಲಸ ಪತ್ರಿಕೆಯವರದು, ನಾವು ಎಲ್ಲವನ್ನೂ ಬರೆದು ಕಳಿಸಿದರಾಯಿತು.

ವಾಸ್ತವ: ಜಿಲ್ಲಾ ಪುಟದಲ್ಲಿ ಜಾಗ ಸಾಲದಿದ್ದರೆ ಡೆಸ್ಕಿನಲ್ಲಿ ಕತ್ತರಿ ಬೀಳುವುದು ಸಾಮಾನ್ಯವಾಗಿ ಕೊನೆಯ ಪ್ಯಾರಾದಿಂದ. ಕುಟುಂಬದ ಇತಿಹಾಸದಿಂದ ಶುರುಮಾಡಿ ಆರಂಭದ ದಿನಾಂಕವನ್ನು ಕೊನೆಗೆ ಇಟ್ಟರೆ, ಸುದ್ದಿಯೇ ಕತ್ತರಿಗೆ ಸಿಗುತ್ತದೆ. ಮೊದಲ ಪ್ಯಾರಾ ಒಂಟಿಯಾಗಿ ಅಚ್ಚಾದರೂ ಪೂರ್ತಿ ಸುದ್ದಿಯಾಗಬೇಕು:

‘ಮೂಡಿಗೆರೆ ಬಳಿ 1928ರಲ್ಲಿ ಕಟ್ಟಿದ ಕಾಫಿ ತೋಟದ ಬಂಗಲೆ, 14 ಕೊಠಡಿಗಳ ಹೋಟೆಲಾಗಿ ನವೆಂಬರ್ 1ರಂದು ಆರಂಭವಾಗಲಿದೆ. 8 ಕೊಠಡಿಗಳು ಹಳೆಯ ಬಂಗಲೆಯಲ್ಲಿವೆ. 6 ಹೊಸದಾಗಿ ಕಟ್ಟಿದವು. ದುರಸ್ತಿಯ ವೇಳೆ ಮಂಗಳೂರು ಹೆಂಚಿನ ಚಾವಣಿ, ಬೀಟೆ ಮರದ ಬಾಗಿಲುಗಳನ್ನು ಉಳಿಸಿಕೊಳ್ಳಲಾಗಿದೆ.’

ಇದಾದ ಮೇಲೆ ಮಾಲೀಕರ ಒಂದು ಮಾತು, ಖರ್ಚು, ಸಂಪರ್ಕ ಸಂಖ್ಯೆ. ಇಷ್ಟು ಸಾಕು. ತೋಟದ ಕಥೆಯನ್ನು ಬೇರೆ ಹಾಳೆಯಲ್ಲಿ ಕೊಟ್ಟರೆ ಪುರವಣಿಯವರಿಗೆ ಉಪಯೋಗವಾಗುತ್ತದೆ.

ತಪ್ಪು ಕಲ್ಪನೆ: ಪದಕ್ಕೆ ಪದ ಇಟ್ಟರೆ ಅದೇ ನಿಷ್ಠ ಅನುವಾದ.

ವಾಸ್ತವ: ವಾಕ್ಯವನ್ನು ಹೇಗೆ ಬೇಕಾದರೂ ತಿರುಗಿಸಿ ಕಟ್ಟಬಹುದು, ಸಂಗತಿ ಮಾತ್ರ ಹಿಗ್ಗಬಾರದು, ಕುಗ್ಗಬಾರದು. ಎಡವುವುದು ಹೆಚ್ಚಾಗಿ ಮೂರು ಕಡೆ. ‘ಈ ಭಾಗದ ಹಳೆಯ ಬಂಗಲೆಗಳಲ್ಲಿ ಒಂದು’ ಎಂಬುದು ತಲೆಬರಹಕ್ಕೆ ಬರುವಾಗ ‘ಅತಿ ಹಳೆಯ ಬಂಗಲೆ’ ಆಗಿರುತ್ತದೆ. ಪರವಾನಗಿ ಸಿಕ್ಕರೆ ನವೆಂಬರಿನಲ್ಲಿ ಆರಂಭ ಎಂಬ ಷರತ್ತು ಮಾಯವಾಗಿ ‘ಆರಂಭವಾಗಿದೆ’ ಎಂದು ಅಚ್ಚಾಗುತ್ತದೆ. ಇನ್ನು ಮೊತ್ತ: 35 ಮಿಲಿಯನ್ ರೂಪಾಯಿ ಎಂದರೆ 3.5 ಕೋಟಿ. ಅವಸರದಲ್ಲಿ ಅದು 35 ಕೋಟಿಯಾದರೆ ಒಂದೇ ಏಟಿಗೆ ಹತ್ತು ಪಟ್ಟು! ಅನುವಾದ ಮುಗಿದ ಮೇಲೆ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅಂಕಿ, ದಿನಾಂಕ, ಕ್ರಿಯಾಪದದ ಕಾಲ ಇವಿಷ್ಟಕ್ಕೆ ಗುರುತು ಹಾಕುತ್ತ ಹೋದರೆ ಇಂಥ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ತಪ್ಪು ಕಲ್ಪನೆ: ಮಾಲೀಕರ ಮಾತನ್ನೂ ಇಂಗ್ಲಿಷ್ ಪ್ರತಿಯಿಂದಲೇ ಅನುವಾದಿಸಬೇಕು.

ವಾಸ್ತವ: ಅವರು ಮೊದಲು ಮಾತಾಡಿದ್ದೇ ಕನ್ನಡದಲ್ಲಿರಬಹುದು. ‘ಅಜ್ಜ ಕಟ್ಟಿಸಿದ ಮನೆ, ಬೀಳೋಕೆ ಬಿಡಬಾರದು ಅಂತ ಕೈಹಾಕಿದ್ವಿ’ ಎಂದಿದ್ದನ್ನು ಪ್ರಚಾರ ಸಂಸ್ಥೆ ಇಂಗ್ಲಿಷಿನಲ್ಲಿ ನಯಗೊಳಿಸಿರುತ್ತದೆ. ಅದನ್ನೇ ಮತ್ತೆ ಕನ್ನಡಕ್ಕೆ ತಂದರೆ ‘ಪೂರ್ವಜರ ಪರಂಪರೆಯನ್ನು ಸಂರಕ್ಷಿಸುವುದು ನಮ್ಮ ಧ್ಯೇಯ’ ಎಂಬ ಭಾಷಣವಾಗುತ್ತದೆ. ಫೋನ್ ಮಾಡಿ ಮೂಲ ಮಾತನ್ನೇ ಕೇಳಿ ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಇಂಗ್ಲಿಷ್ ಪ್ರತಿಯ ಅರ್ಥ ಅದಕ್ಕೆ ಹೊಂದದಿದ್ದರೆ ತಿದ್ದಬೇಕಾದದ್ದು ಇಂಗ್ಲಿಷನ್ನು.

ತಪ್ಪು ಕಲ್ಪನೆ: ಚೆಂದದ ಪಿಡಿಎಫ್ ಕಳಿಸಿದರೆ ಕೆಲಸ ಮುಗಿಯಿತು.

ವಾಸ್ತವ: ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನಿಂದ ಪಠ್ಯ ನಕಲು ಮಾಡಿದರೆ ಒತ್ತಕ್ಷರ ಒಡೆದು ಗೋಜಲಾಗುತ್ತದೆ; ಚಿತ್ರವಾಗಿ ಬಂದರೆ ಉಪಸಂಪಾದಕರು ಮತ್ತೆ ಟೈಪ್ ಮಾಡಬೇಕು. ಹಾಗೆ ಟೈಪ್ ಮಾಡುವಾಗಲೇ 1928 ಹೋಗಿ 1982 ಆಗುವುದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಇಮೇಲ್‌ನ ಒಳಗೇ ಹಾಕಿ, ಫೋಟೊಗಳನ್ನು ಬೇರೆಯಾಗಿ ಲಗತ್ತಿಸಿ. ಕಟ್ಟಡದ ವಯಸ್ಸಿಗೆ ಆಧಾರವಾದ ದಾಖಲೆಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡಿರಿ. ವರದಿಗಾರರು ಫೋನ್ ಮಾಡಿದರೆ ಕೇಳುವ ಮೊದಲ ಪ್ರಶ್ನೆ ಅದರದೇ ಆಗಿರುತ್ತದೆ.